ಸೌರ ಘಟಕದ ಹೂಡಿಕೆ: ಮರುಪಾವತಿ ಅವಧಿಯ ಲೆಕ್ಕ ಎಲ್ಲಿ ನಿಲ್ಲುತ್ತದೆ?

ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶಿಂಗ್ ಘಟಕದ ಮಾಲೀಕರ ಮೇಜಿನ ಮೇಲೆ ಎರಡು ಕೊಟೇಶನ್‌ಗಳಿವೆಯೆಂದು ಭಾವಿಸಬಹುದು. ಎರಡೂ 50 ಕಿಲೋವ್ಯಾಟ್ ಸಾಮರ್ಥ್ಯದ ಮೇಲ್ಛಾವಣಿ ಸೌರ ಘಟಕಕ್ಕೆ ಸಂಬಂಧಿಸಿದವು. ಮೊದಲನೆಯದು 20 ಲಕ್ಷ ರೂಪಾಯಿ, ಎರಡನೆಯದು 24 ಲಕ್ಷ ರೂಪಾಯಿ. ಮಾರಾಟಗಾರರಿಬ್ಬರೂ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದೇ ಮಾತನ್ನು ಮುದ್ರಿಸಿರುತ್ತಾರೆ: ಹಾಕಿದ ಹಣ ಎಷ್ಟು ವರ್ಷದಲ್ಲಿ ಮರಳುತ್ತದೆ ಎಂಬುದು. ವ್ಯಾಪಾರಿಗಳು ಪೇಬ್ಯಾಕ್ ಎಂದು ಕರೆಯುವ ಈ ಮರುಪಾವತಿ ಅವಧಿಯನ್ನು ನೋಡಿಯೇ ಬಹುಪಾಲು ಸಣ್ಣ ಉದ್ಯಮಿಗಳು ತೀರ್ಮಾನಕ್ಕೆ ಬರುತ್ತಾರೆ.

ಲೆಕ್ಕ ಸರಳವಾಗಿದೆ. ಒಂದು ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್‌ನಂತೆ 50 ಕಿಲೋವ್ಯಾಟ್‌ಗೆ 70,000 ಯೂನಿಟ್ ಉತ್ಪಾದನೆಯೆಂದು ಇಟ್ಟುಕೊಳ್ಳಬಹುದು. ಹೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 6 ರೂಪಾಯಿ ಉಳಿದರೆ 4.20 ಲಕ್ಷ ರೂಪಾಯಿ ಆಗುತ್ತದೆ. ಪ್ಯಾನೆಲ್ ತೊಳೆಯುವ ಮತ್ತು ನಿರ್ವಹಣೆಯ ಖರ್ಚು 20,000 ರೂಪಾಯಿ ಕಳೆದರೆ ವರ್ಷದ ನಿವ್ವಳ ಉಳಿತಾಯ 4 ಲಕ್ಷ ರೂಪಾಯಿ. ಪ್ಯಾನೆಲ್‌ಗಳ ಸಾಮರ್ಥ್ಯ ವರ್ಷಕ್ಕೆ ಶೇಕಡಾ ಅರ್ಧದಷ್ಟು ಕುಂದುವುದನ್ನು ವಿದ್ಯುತ್ ದರದ ಏರಿಕೆ ಸರಿದೂಗಿಸುತ್ತದೆಯೆಂದು ಸದ್ಯಕ್ಕೆ ಒಪ್ಪಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ಬರುವ ದರವನ್ನು ಉಳಿತಾಯದ ದರವೆಂದು ತೋರಿಸುವ ಮಾರಾಟಗಾರರಿದ್ದಾರೆ. ಮಂಜೂರಾದ ಹೊರೆಯ ಮೇಲಿನ ನಿಗದಿತ ಶುಲ್ಕವು ಸೌರ ಘಟಕ ಹಾಕಿದರೂ ಕಡಿಮೆಯಾಗುವುದಿಲ್ಲ; ಆದುದರಿಂದ ಅದನ್ನು ಈ ದರದಲ್ಲಿ ಸೇರಿಸಬಾರದು.

ಈ ಪ್ರಕಾರ ಮೊದಲ ಕೊಟೇಶನ್ನಿನ ಹಣ 5 ವರ್ಷಗಳಲ್ಲಿ, ಎರಡನೆಯದರ ಹಣ 6 ವರ್ಷಗಳಲ್ಲಿ ಮರಳುತ್ತದೆ. ಮೊದಲನೆಯದೇ ಮೇಲೆಂದು ತೋರುವುದು ಸಹಜ.

ಆದರೆ ಐದನೆಯ ವರ್ಷ ಕೈಗೆ ಬರುವ 4 ಲಕ್ಷ ರೂಪಾಯಿ ಇಂದಿನ 4 ಲಕ್ಷಕ್ಕೆ ಸಮನಲ್ಲ. ಹಣದ ವೆಚ್ಚವನ್ನು ಶೇಕಡಾ 10 ಎಂದು ಹಿಡಿದರೆ ಮೊದಲ ವರ್ಷದ 4 ಲಕ್ಷದ ಇಂದಿನ ಬೆಲೆ 3.64 ಲಕ್ಷ, ಐದನೆಯ ವರ್ಷದ್ದು 2.48 ಲಕ್ಷ, ಹತ್ತನೆಯ ವರ್ಷದ್ದು ಕೇವಲ 1.54 ಲಕ್ಷ. ಹೀಗೆ ಬಡ್ಡಿ ಕಳೆದ ಮೊತ್ತಗಳನ್ನು ವರ್ಷವರ್ಷ ಕೂಡುತ್ತ ಹೋಗಿ ಹೂಡಿಕೆ ತೀರುವ ವೇಳೆಯನ್ನು ಕಂಡುಹಿಡಿಯುವುದೇ ರಿಯಾಯಿತಿ ಮರುಪಾವತಿ ಅವಧಿ. ಇದರಂತೆ ಮೊದಲನೆಯದಕ್ಕೆ ಸುಮಾರು 7.3 ವರ್ಷ, ಎರಡನೆಯದಕ್ಕೆ ಸುಮಾರು 9.6 ವರ್ಷ ಬೇಕು. ಲೆಕ್ಕ ಸುಧಾರಿಸಿತು, ತೀರ್ಪು ಮಾತ್ರ ಬದಲಾಗಲಿಲ್ಲ, ಅಂತರ ಇನ್ನಷ್ಟು ಹಿಗ್ಗಿತು. ಬಡ್ಡಿಯನ್ನು ಪರಿಗಣಿಸಿದ್ದರಿಂದ ಎಲ್ಲವನ್ನೂ ಪರಿಗಣಿಸಿದಂತಾಯಿತೆಂಬ ಭ್ರಮೆ ಇಲ್ಲಿಯೇ ಹುಟ್ಟುತ್ತದೆ.

ಹಣ ಮರಳಿದ ಮರುದಿನದಿಂದ ಏನಾಗುತ್ತದೆಂಬುದನ್ನು ಈ ಎರಡೂ ವಿಧಾನಗಳು ನೋಡುವುದೇ ಇಲ್ಲ. ಸೌರ ಘಟಕದ ವಿಷಯದಲ್ಲಿ ಈ ಕೊರತೆ ಸಣ್ಣದಲ್ಲ, ಏಕೆಂದರೆ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇರುತ್ತದೆ. ಇನ್ವರ್ಟರ್ ಮಾತ್ರ ಅಷ್ಟು ಕಾಲ ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಆ ಖರ್ಚು ಬಹುಮಟ್ಟಿಗೆ ಮರುಪಾವತಿ ಅವಧಿ ಮುಗಿದ ಮೇಲೆಯೇ ಬರುವುದರಿಂದ ಕೊಟೇಶನ್ನಿನ ಕೊನೆಯ ಪುಟದಲ್ಲಿ ಅದಕ್ಕೆ ಜಾಗವಿಲ್ಲ.

ಅಗ್ಗದ ಘಟಕದ ಕಬ್ಬಿಣದ ಚೌಕಟ್ಟಿಗೆ ಸತುವಿನ ಲೇಪ ತೆಳುವಾಗಿದೆ, ಇನ್ವರ್ಟರ್ ಖಾತರಿ 5 ವರ್ಷ ಮಾತ್ರ ಎಂದಿಟ್ಟುಕೊಳ್ಳಬಹುದು. ಗ್ರಾನೈಟ್ ಕೊಯ್ಯುವ ಘಟಕದ ಸುತ್ತಲಿನ ನುಣುಪಾದ ಧೂಳು ಪ್ಯಾನೆಲ್ಲಿನ ಮೇಲೆ ಕೂತು, ಇಬ್ಬನಿಗೆ ನೆನೆದು, ಅಂಚಿನಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದರ ಅಡಿಯ ಕೋಶಗಳು ಬಿಸಿಯೇರಿ ಕೆಡುತ್ತವೆ. ಇಂತಹ ಘಟಕದ ಉಳಿತಾಯ 9ನೆಯ ವರ್ಷದಿಂದ 2.5 ಲಕ್ಷಕ್ಕೆ ಇಳಿದು, ಅದೇ ವರ್ಷ 3 ಲಕ್ಷದ ಇನ್ವರ್ಟರ್ ಬೇಕಾಗಿ, 14ನೆಯ ವರ್ಷಕ್ಕೆ ಘಟಕವೇ ನಿಂತಿತೆಂದು ಭಾವಿಸೋಣ. ಎರಡನೆಯದು 12ನೆಯ ವರ್ಷ ಒಮ್ಮೆ 3 ಲಕ್ಷದ ಇನ್ವರ್ಟರ್ ಕೇಳಿ, 20 ವರ್ಷ 4 ಲಕ್ಷದಂತೆ ಉಳಿಸುತ್ತದೆ. ಎಲ್ಲ ವರ್ಷಗಳ ಮೊತ್ತವನ್ನು ಶೇಕಡಾ 10ರಂತೆ ಇಂದಿನ ಬೆಲೆಗೆ ತಂದು ಹೂಡಿಕೆಯನ್ನು ಕಳೆದರೆ ಉಳಿಯುವ ನಿವ್ವಳ ವರ್ತಮಾನ ಮೌಲ್ಯ ಮೊದಲನೆಯದಕ್ಕೆ 5.15 ಲಕ್ಷ, ಎರಡನೆಯದಕ್ಕೆ 9.10 ಲಕ್ಷ. ಆಯುಷ್ಯ ಬೇರೆಬೇರೆಯಾದ ಕಾರಣ ಹೋಲಿಕೆ ನ್ಯಾಯವಲ್ಲ ಎನ್ನುವವರು ಇದನ್ನು ವರ್ಷಕ್ಕೆ ಹಂಚಿ ನೋಡಬಹುದು: ಮೊದಲನೆಯದು ವರ್ಷಕ್ಕೆ ಸುಮಾರು 70,000, ಎರಡನೆಯದು ಸುಮಾರು 1.07 ಲಕ್ಷ ರೂಪಾಯಿ. ಎರಡು ಬಗೆಯ ಮರುಪಾವತಿ ಲೆಕ್ಕಗಳೂ ಹಿಂದಿಟ್ಟ ಕೊಟೇಶನ್ ಇಲ್ಲಿ ಮುಂದೆ ಬರುತ್ತದೆ.

ಇನ್ನೊಂದು ಕೊರತೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಸುರಕ್ಷತೆಗಾಗಿ ಇರುವ ಏರ್ಪಾಡು ಇದು. ಸುಡುಬಿಸಿಲಿನಲ್ಲಿಯೂ ಕರೆಂಟ್ ಇಲ್ಲದ ಹೊತ್ತು ಉತ್ಪಾದನೆ ಸೊನ್ನೆ. ಹೀಗೆ ಶೇಕಡಾ 10ರಷ್ಟು ಯೂನಿಟ್ ತಪ್ಪಿದರೆ ವರ್ಷದ ಉಳಿತಾಯ 3.58 ಲಕ್ಷಕ್ಕೆ ಇಳಿಯುತ್ತದೆ. ಎರಡನೆಯ ಘಟಕದ ಮರುಪಾವತಿ 6 ವರ್ಷದಿಂದ 6.7 ವರ್ಷಕ್ಕೆ ಸರಿಯುತ್ತದೆ. ಎಂಟು ತಿಂಗಳ ತಡವೆಂದು ಯಾರೂ ಚಿಂತಿಸುವುದಿಲ್ಲ. ಅದೇ ಬದಲಾವಣೆಯಿಂದ ವರ್ತಮಾನ ಮೌಲ್ಯ 9.10 ಲಕ್ಷದಿಂದ 5.52 ಲಕ್ಷಕ್ಕೆ, ಅಂದರೆ ಶೇಕಡಾ 39ರಷ್ಟು ಕುಸಿಯುತ್ತದೆ. ಬಾದಾಮಿ ಅಥವಾ ಹುನಗುಂದದ ಒಳಭಾಗದಲ್ಲಿರುವ ಉದ್ಯಮಿಯು ತನ್ನ ಫೀಡರ್ ಹಗಲಿನಲ್ಲಿ ತಿಂಗಳಿಗೆ ಎಷ್ಟು ತಾಸು ನಿಂತಿತೆಂಬುದನ್ನು ಡೀಸೆಲ್ ಜನರೇಟರಿನ ಪುಸ್ತಕದಿಂದ ತೆಗೆದುಕೊಂಡರೆ ಈ ಅಂಕಿ ಊಹೆಯಾಗಿ ಉಳಿಯುವುದಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಋತುಮಾನದ ಘಟಕಗಳಿಗೆ ಮತ್ತೂ ಒಂದು ಪ್ರಶ್ನೆಯಿದೆ: ಹೆಚ್ಚುವರಿ ಯೂನಿಟ್‌ಗಳಿಗೆ ಸಿಗುವ ದರ ಬಿಲ್ಲಿನ ದರವಲ್ಲ.

ತೆರಿಗೆಯ ಸವಕಳಿಯನ್ನು ಇಲ್ಲಿ ಬಿಟ್ಟಿದೆ. ಹಿಂದೆ ಶೇಕಡಾ 80 ಇದ್ದ ದರ 2017ರ ಏಪ್ರಿಲ್ 1ರಿಂದ ಶೇಕಡಾ 40ಕ್ಕೆ ಇಳಿಯಿತು. ಎರಡೂ ಕೊಟೇಶನ್‌ಗಳಿಗೆ ಒಂದೇ ದರ ಅನ್ವಯವಾಗುವುದರಿಂದ ಆಯ್ಕೆಯ ಕ್ರಮ ಅದರಿಂದ ತಲೆಕೆಳಗಾಗುವುದಿಲ್ಲ.

ಹಾಗೆಂದು ಮರುಪಾವತಿ ಅವಧಿಯನ್ನು ಕಸದ ಬುಟ್ಟಿಗೆ ಹಾಕಬೇಕಾಗಿಲ್ಲ. ಅದು ಲಾಭವನ್ನು ಅಳೆಯದಿದ್ದರೂ ಹಣ ಎಷ್ಟು ಕಾಲ ಸಿಕ್ಕಿಬೀಳುತ್ತದೆಂಬುದನ್ನು ಅಳೆಯುತ್ತದೆ. ಎರಡನೆಯ ಘಟಕಕ್ಕೆ ಬ್ಯಾಂಕು ಶೇಕಡಾ 70, ಅಂದರೆ 16.80 ಲಕ್ಷ ಸಾಲವನ್ನು ಶೇಕಡಾ 10ರ ಬಡ್ಡಿಗೆ ಕೊಟ್ಟಿತೆನ್ನಿ. 5 ವರ್ಷದ ಕಂತಾದರೆ ವರ್ಷಕ್ಕೆ 4.43 ಲಕ್ಷ ಕಟ್ಟಬೇಕು; ಉಳಿತಾಯ 4 ಲಕ್ಷ ಮಾತ್ರ, ಉಳಿದ 43,000 ರೂಪಾಯಿ ಪ್ರತಿವರ್ಷ ದುಡಿಯುವ ಬಂಡವಾಳದಿಂದ ಹೋಗುತ್ತದೆ. 7 ವರ್ಷದ ಕಂತಿಗೆ 3.45 ಲಕ್ಷ ಸಾಕು. ಒಳ್ಳೆಯ ಘಟಕವೇ ಆದರೂ ಸಾಲದ ಅವಧಿ ಮರುಪಾವತಿ ಅವಧಿಗಿಂತ ಚಿಕ್ಕದಾದರೆ ಕೈ ಕಟ್ಟುತ್ತದೆ.

ಬಾಡಿಗೆ ಶೆಡ್ಡಿನಲ್ಲಿರುವವರ ಮಾತು ಬೇರೆ. ಬಾಗಲಕೋಟೆಯಲ್ಲಿ 8 ವರ್ಷದ ಕರಾರಿನ ಮೇಲೆ ಶೆಡ್ ಹಿಡಿದಿರುವ ಉದ್ಯಮಿಗೆ 9.6 ವರ್ಷದ ರಿಯಾಯಿತಿ ಮರುಪಾವತಿ ಅವಧಿ ನಿಜವಾದ ಎಚ್ಚರಿಕೆಯೇ ಸರಿ. 20 ವರ್ಷದ ಉಳಿತಾಯವನ್ನು ಅವರು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕರಾರು ಮುಗಿದಾಗ ಘಟಕವನ್ನು ಬಿಚ್ಚಿ ಒಯ್ಯುವ ಹಕ್ಕು ಯಾರದು, ಹೊಸ ಸ್ಥಳದ ಮೀಟರಿಗೆ ಮತ್ತೆ ಅನುಮತಿ ಪಡೆಯುವ ಖರ್ಚು ಎಷ್ಟು ಎಂಬುದು ಬಾಡಿಗೆ ಕರಾರಿನಲ್ಲಿ ಬರೆಯಿಸಿಕೊಂಡ ಮೇಲಷ್ಟೇ ಅವರ ಕೊಟೇಶನ್ ಪರಿಶೀಲನೆಗೆ ಅರ್ಥ ಬರುತ್ತದೆ.