ಏಳು ಕೆಜಿಯಲ್ಲಿ ಮೂರು ಹವಾಮಾನ: ದೆಹಲಿ, ಲೇಹ್, ಮನಾಲಿಗೆ ಬ್ಯಾಗ್ ಕಟ್ಟೋದು ಹೇಗೆ?

ಹೋದ ವರ್ಷ ಜುಲೈನಲ್ಲಿ ನಾನು, ನನ್ನ ರೂಮ್‌ಮೇಟ್ ಮತ್ತೆ ಇನ್ನೊಬ್ಬ ಸ್ನೇಹಿತ ಲಡಾಖ್‌ಗೆ ಹೋಗಿದ್ವಿ. ಬೆಂಗಳೂರಿಂದ ದೆಹಲಿ, ಅಲ್ಲಿಂದ ವಿಮಾನದಲ್ಲಿ ಲೇಹ್, ಪ್ಯಾಂಗಾಂಗ್ ಸರೋವರ ನೋಡಿ ರಸ್ತೆಯಲ್ಲಿ ಮನಾಲಿಗೆ ಇಳಿದು, ಬಸ್ಸಲ್ಲಿ ದೆಹಲಿ, ವಾಪಸ್ ಬೆಂಗಳೂರು. ಟಿಕೆಟ್ ಅಗ್ಗವಾಗಿ ಸಿಕ್ಕಿತ್ತು, ಯಾಕಂದ್ರೆ ಅದರಲ್ಲಿ ಚೆಕ್-ಇನ್ ಬ್ಯಾಗೇಜ್ ಇರಲಿಲ್ಲ. ಕ್ಯಾಬಿನ್ ಬ್ಯಾಗ್ ಒಂದೇ, 7 ಕೆಜಿ.

ಕೌಂಟರಿನಲ್ಲಿ ನನ್ನ ಬ್ಯಾಗ್ ತೂಗಿದರು. 10.2 ಕೆಜಿ! ಅಲ್ಲೇ ಬ್ಯಾಗ್ ಬಿಚ್ಚಿ ದಪ್ಪ ಜಾಕೆಟ್, ಅದರೊಳಗೆ ಹುಡಿ ಹಾಕ್ಕೊಂಡೆ. ಹಿಂದಿದ್ದ ಅಂಕಲ್ ನಗ್ತಾ ಇದ್ರು. ಆಗಲೂ 8 ಕೆಜಿ ಬಂತು. ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಿ ವಿಮಾನ ಹತ್ತಿದೆ. ಅಷ್ಟೆಲ್ಲ ಹೊತ್ತುಕೊಂಡು ಹೋದಮೇಲೂ ಪ್ಯಾಂಗಾಂಗ್‌ನಲ್ಲಿ ಚಳಿಗೆ ನಡುಗಿದ್ವಿ, ಮನಾಲಿಯಲ್ಲಿ ಮಳೆಗೆ ನೆನೆದ್ವಿ. ಭಾರ ಜಾಸ್ತಿ, ಉಪಯೋಗ ಕಮ್ಮಿ. ವಾಪಸ್ ಬಂದಮೇಲೆ ಎಲ್ಲಿ ತಪ್ಪಿದೆ ಅಂತ ಕೂತು ಲೆಕ್ಕ ಹಾಕಿದೆ. ಈ ಲೇಖನ ಆ ಲೆಕ್ಕವೇ.

ಮೊದಲು ನನ್ನ 10.2 ಕೆಜಿ ಎಲ್ಲಿಂದ ಬಂತು ನೋಡೋಣ. ಖಾಲಿ ಟ್ರಾಲಿ ಬ್ಯಾಗೇ 2.6. ಎರಡು ಜೀನ್ಸ್ 1.4, ದಪ್ಪ ಜಾಕೆಟ್ 1.5, ಹುಡಿ 0.7, ಅಜ್ಜಿ ಹೆಣೆದ ಸ್ವೆಟರ್ 0.6, ಟರ್ಕಿ ಟವೆಲ್ 0.6. ಉಳಿದಿದ್ದೆಲ್ಲ ಸೇರಿ 2.8. ಅಂದರೆ ಚಕ್ರ, ಹ್ಯಾಂಡಲ್ ಇರೋ ಡಬ್ಬಕ್ಕೇ ಮಿತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿತ್ತು. ಬೆನ್ನಿಗೆ ಹಾಕೋ ಸಾದಾ ಬ್ಯಾಗ್ 900 ಗ್ರಾಂಗೆ ಸಿಗುತ್ತೆ. ಬಟ್ಟೆಗೆ ಕೈ ಹಾಕೋ ಮೊದಲೇ 1.7 ಕೆಜಿ ಉಳೀತು.

ಆದರೆ ನನ್ನ ನಿಜವಾದ ತಪ್ಪು ಬೇರೆ. ಸೆಕೆಗೆ ಒಂದು ಸೆಟ್, ಚಳಿಗೆ ಒಂದು ಸೆಟ್, ಮಳೆಗೆ ಒಂದು ಸೆಟ್ ಅಂತ ಮೂರು ಪ್ರತ್ಯೇಕ ಗುಂಪು ಮಾಡಿದ್ದೆ. ಹಾಗೆ ಮಾಡಿದರೆ ಒಂದು ಊರಲ್ಲಿ ಇರುವಾಗ ಇನ್ನೆರಡು ಊರಿನ ಬಟ್ಟೆ ಸುಮ್ಮನೆ ಭಾರ. ಬೇಕಿರೋದು ಒಂದೇ ಸೆಟ್. ಒಂದರ ಮೇಲೊಂದು ಹಾಕಿದಾಗ ಚಳಿಗೆ, ಬಿಚ್ಚುತ್ತಾ ಬಂದರೆ ಸೆಕೆಗೆ, ಹೊರಗಿನದ್ದು ಮಾತ್ರ ಹಾಕಿದರೆ ಮಳೆಗೆ ಆಗಬೇಕು.

ಇದು ಹೇಗೆ ಸಾಧ್ಯ ಅನ್ನೋದಕ್ಕೆ ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಮೈಯಿಂದ ಹೊರಗೆ ಹೋಗೋ ಶಾಖದ ಸಮೀಕರಣ ನಿಮಗೆ ಗೊತ್ತೇ ಇದೆ:

```
Q = k·A·ΔT / d
```

ಇಲ್ಲಿ `d` ಅಂದರೆ ಬಟ್ಟೆಯ ದಪ್ಪ. ಆದರೆ ನಮ್ಮನ್ನು ಬೆಚ್ಚಗಿಡೋದು ನೂಲು ಅಲ್ಲ, ನೂಲಿನ ನಡುವೆ ಸಿಕ್ಕಿಹಾಕಿಕೊಂಡಿರೋ ಅಲುಗಾಡದ ಗಾಳಿ. ಗಾಳಿಯ `k` ಸುಮಾರು 0.025, ನೀರಿನದು ಸುಮಾರು 0.6. ಇಪ್ಪತ್ತು ಪಟ್ಟಿಗಿಂತ ಜಾಸ್ತಿ. ಗಾಳಿಗೆ ತೂಕ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಹಗುರವಾದ ಬಟ್ಟೆಯೂ ಭಾರದ ಬಟ್ಟೆಯಷ್ಟೇ ಬೆಚ್ಚಗಿರಬಹುದು. ಆದರೆ ಎರಡು ಷರತ್ತು: ಆ ಗಾಳಿಯ ಜಾಗಕ್ಕೆ ನೀರು ಬರಬಾರದು, ಹೊರಗಿನ ಗಾಳಿ ಬೀಸಿ ಅದನ್ನು ಕದಲಿಸಬಾರದು.

ನನ್ನ 1.5 ಕೆಜಿ ಜಾಕೆಟ್ ಸೋತಿದ್ದು ಇಲ್ಲೇ. ಅದರ ತೂಕದಲ್ಲಿ ಬಹುಪಾಲು ದಪ್ಪ ಹೊರಬಟ್ಟೆ, ಜಿಪ್ಪು, ಲೈನಿಂಗ್. ಗಾಳಿ ಹಿಡಿಯೋ ಜಾಗ ಕಮ್ಮಿ. ಅದರ ಬದಲು 380 ಗ್ರಾಂನ ಫ್ಲೀಸ್, 420 ಗ್ರಾಂನ ಪಫರ್ ಜಾಕೆಟ್, 330 ಗ್ರಾಂನ ರೇನ್ ಜಾಕೆಟ್ ತಗೊಂಡರೆ ಒಟ್ಟು 1.13 ಕೆಜಿ. ಮೂರನ್ನೂ ಒಟ್ಟಿಗೆ ಹಾಕಿದರೆ ಜಾಸ್ತಿ ಬೆಚ್ಚಗೆ, ಬಿಡಿಬಿಡಿಯಾಗಿ ಮೂರು ಊರಿಗೂ ಆಗುತ್ತೆ.

ಎಷ್ಟು ಚಳಿ ಅನ್ನೋದನ್ನೂ ಅಂದಾಜು ಮಾಡಬಹುದು. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಲೇಹ್ ಸುಮಾರು 3,500 ಮೀಟರ್, ಖರ್ದುಂಗ್ ಲಾ ಕಣಿವೆದಾರಿ 5,359 ಮೀಟರ್. ವ್ಯತ್ಯಾಸ 1.86 ಕಿಲೋಮೀಟರ್, ಅಂದರೆ ಸುಮಾರು 12 ಡಿಗ್ರಿ. ಲೇಹ್‌ನಲ್ಲಿ ಬೆಳಗ್ಗೆ 12 ಡಿಗ್ರಿ ಇದ್ದರೆ ಮೇಲೆ ಸೊನ್ನೆಯ ಹತ್ತಿರ, ಅದರ ಮೇಲೆ ಗಾಳಿ ಬೇರೆ. ಅಲ್ಲಿ ನಿಮ್ಮನ್ನು ಕಾಪಾಡೋದು ಮಳೆಗೆ ಅಂತ ತಂದ ರೇನ್ ಜಾಕೆಟ್ಟೇ. ಒಂದು ಹನಿ ಮಳೆ ಇರಲ್ಲ, ಆದರೆ ಅದು ಗಾಳಿ ತಡೆಯುತ್ತೆ. ನನಗೆ ಇದು ಗೊತ್ತಿರಲಿಲ್ಲ, ರೇನ್‌ಕೋಟ್ ಬ್ಯಾಗಿನ ತಳದಲ್ಲಿ ಮಡಚಿ ಬಿದ್ದಿತ್ತು.

ಈಗ ಕಾಟನ್ ವಿಷಯ. ಪ್ಯಾಂಗಾಂಗ್‌ನಲ್ಲಿ ಸಂಜೆ ನಾವು ಒಂದು ದಿಬ್ಬ ಹತ್ತಿದ್ವಿ. ಅಲ್ಲಿ ಎತ್ತರ ಸುಮಾರು 4,250 ಮೀಟರ್, ಹತ್ತು ಹೆಜ್ಜೆಗೇ ಏದುಸಿರು. ರೂಮ್‌ಮೇಟ್ ಕಾಟನ್ ಟಿ-ಶರ್ಟ್ ಮೇಲೆ ಎರಡು ಸ್ವೆಟರ್ ಹಾಕಿದ್ದ, ಚೆನ್ನಾಗಿ ಬೆವೆತ. ಸೂರ್ಯ ಮುಳುಗಿದ ಅರ್ಧ ಗಂಟೇಲಿ ಅವನಿಗೆ ನಡುಕ ಶುರುವಾಯ್ತು. ಜಿಪ್ ಎಳೆಯೋಕೆ ಬೆರಳು ಕೇಳ್ತಿರಲಿಲ್ಲ, ಮಾತು ತೊದಲ್ತಾ ಇತ್ತು. "ಏನಿಲ್ಲ ಮಗಾ, ಇನ್ನೊಂದು ಸ್ವೆಟರ್ ಕೊಡು" ಅಂದ. ಟೆಂಟಿನ ಯಜಮಾನರು ಅವನನ್ನು ನೋಡಿದ ತಕ್ಷಣ, ಮೇಲೆ ಹಾಕೋದು ಬೇಡ, ಮೊದಲು ಒಳಗಿನದ್ದು ಬಿಚ್ಚಿ ಅಂತ ಗದರಿದರು. ಒದ್ದೆ ಟಿ-ಶರ್ಟ್ ತೆಗೆದು, ಒಣ ಬಟ್ಟೆ ಹಾಕಿ, ರಜಾಯಿ ಹೊದಿಸಿ, ಬಿಸಿ ಬಿಸಿ ಟೀ ಕುಡಿಸಿದಮೇಲೆ ಮುಕ್ಕಾಲು ಗಂಟೇಲಿ ಸರಿಹೋದ. ನಾವು ಮೂವರೂ ಆವತ್ತು ಹೆದರಿದ್ವಿ. ಮೈಗೆ ತಾಗಿರೋ ಪದರವೇ ನೀರು ಹಿಡಿದುಕೊಂಡಿದ್ದರೆ ಮೇಲೆ ಎಷ್ಟು ಸ್ವೆಟರ್ ಹಾಕಿದರೂ ಅಷ್ಟೇ. ನಡುಕದ ಜೊತೆ ಬೆರಳು ಮರಗಟ್ಟಿ ಮಾತು ತೊದಲಿದರೆ ಅದು ಬರೀ ಚಳಿ ಅಲ್ಲ, ದೇಹದ ಒಳಗಿನ ಶಾಖವೇ ಇಳಿತಿದೆ ಅಂತ ಅರ್ಥ.

ಹಾಸ್ಟೆಲ್‌ಗೆ ಬಂದು ಅಡುಗೆಮನೆ ತಕ್ಕಡಿಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿದೆ. ಕಾಟನ್ ಟಿ-ಶರ್ಟ್ ಒಣಗಿದ್ದಾಗ 180 ಗ್ರಾಂ, ನೆನೆಸಿ ಕೈಲಾದಷ್ಟು ಹಿಂಡಿದಮೇಲೆ 340. ಪಾಲಿಯೆಸ್ಟರ್ ಜೆರ್ಸಿ 140 ಇದ್ದದ್ದು 190 ಆಯ್ತು. ರಾತ್ರಿ ಒಳಗೇ ಹಗ್ಗದ ಮೇಲೆ ಹಾಕಿದರೆ ಬೆಳಗ್ಗೆ ಜೆರ್ಸಿ ಒಣಗಿತ್ತು, ಕಾಟನ್ ಇನ್ನೂ ತಣ್ಣಗೆ ಅಂಟುತ್ತಿತ್ತು. ನಮ್ಮ ಹತ್ತಿರ ಇರೋ ಫೆಸ್ಟ್ ಜೆರ್ಸಿಗಳೇ ಸಾಕು, ಹೊಸದು ಕೊಳ್ಳಬೇಕಿಲ್ಲ. ಪಾಲಿಯೆಸ್ಟರ್ ಎರಡು ದಿನಕ್ಕೇ ವಾಸನೆ ಬರುತ್ತೆ ಅನ್ನೋದು ನಿಜ. ಆದರೆ ರಾತ್ರಿ ಒಗೆದರೆ ಬೆಳಗ್ಗೆ ಹಾಕ್ಕೋಬಹುದು. ಹತ್ತು ದಿನಕ್ಕೆ ಹತ್ತು ಟಿ-ಶರ್ಟ್ ಬದಲು ಮೂರು ಸಾಕು, ಅದರಲ್ಲೂ ಒಂದು ಮೈಮೇಲೇ ಇರುತ್ತೆ.

ಇನ್ನು ಮಳೆ. ಲೇಹ್‌ನಿಂದ ಮನಾಲಿಗೆ ಬರುವಾಗ ಅಟಲ್ ಸುರಂಗ ಸಿಗುತ್ತೆ, ಉದ್ದ 9.02 ಕಿಲೋಮೀಟರ್. ನಾವು ಲಾಹೌಲ್ ಕಡೆಯಿಂದ ಒಳಗೆ ಹೋದಾಗ ಬಿಸಿಲು, ಒಣ ಧೂಳು. ಹೊರಗೆ ಬಂದರೆ ಧೋ ಅಂತ ಮಳೆ! ಆಗುಂಬೆಗೂ ಚಿತ್ರದುರ್ಗಕ್ಕೂ ಇರೋ ವ್ಯತ್ಯಾಸದ ಕಾರಣವೇ ಇಲ್ಲೂ: ಮುಂಗಾರಿನ ಮೋಡ ಬೆಟ್ಟದ ಈ ಬದಿಯಲ್ಲೇ ಸುರಿದುಬಿಡುತ್ತೆ, ಆ ಬದಿ ಮಳೆ ನೆರಳು. ನಮ್ಮಲ್ಲಿ ಗಂಟೆಗಟ್ಟಲೆ ದಾರಿ, ಅಲ್ಲಿ ಒಂದು ಸುರಂಗ. ಹಾಗಾಗಿ ಸುರಂಗಕ್ಕೆ ಮೊದಲೇ ರೇನ್ ಜಾಕೆಟ್ ಕೈಗೆ ಸಿಗೋ ಹಾಗಿರಲಿ.

ರೇನ್ ಜಾಕೆಟ್ ಕೊಳ್ಳುವಾಗ ಒಳಗಿನ ಹೊಲಿಗೆ ನೋಡಿ. ಹೊಲಿಗೆ ಮೇಲೆ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಸೂಜಿ ತೂತಿಂದ ನೀರು ಬರುತ್ತೆ. ಭುಜದ ಹೊಲಿಗೆ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಐದು ನಿಮಿಷ ನಲ್ಲಿ ಕೆಳಗೆ ಹಿಡಿದರೆ ಗೊತ್ತಾಗುತ್ತೆ. ಬ್ಯಾಗಿಗೆ ಹೊರಗಿನ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ಇಡಿ. ಪಫರ್‌ನಲ್ಲಿ ಹಕ್ಕಿ ಪುಕ್ಕ ತುಂಬಿದ್ದು ತೂಕಕ್ಕೆ ಒಳ್ಳೇದು, ಆದರೆ ಒದ್ದೆಯಾದರೆ ಮುದ್ದೆಯಾಗಿ ಗಾಳಿ ಹಿಡಿಯಲ್ಲ. ಮಳೆಯೂ ಇರೋ ದಾರಿಗೆ ಸಿಂಥೆಟಿಕ್ ತುಂಬಿದ್ದೇ ವಾಸಿ. ಜೀನ್ಸ್ ಮಾತ್ರ ದಯವಿಟ್ಟು ಬೇಡ. ಮನಾಲಿಯಲ್ಲಿ ನೆನೆದ ನನ್ನ ಜೀನ್ಸ್ ಎರಡು ದಿನ ಒಣಗಲಿಲ್ಲ, ದೆಹಲಿ ಬಸ್ಸಲ್ಲಿ ಅದರ ವಾಸನೆಗೆ ಪಕ್ಕದವರು ಸೀಟ್ ಬದಲಾಯಿಸಿದರು.

ಈ ವರ್ಷ ನನ್ನ ಅಕ್ಕ ಅದೇ ದಾರೀಲಿ ಹೊರಟಾಗ ಇಬ್ಬರೂ ಸೇರಿ ಬ್ಯಾಗ್ ಕಟ್ಟಿದ್ವಿ. ಬ್ಯಾಗ್ ಮತ್ತೆ ಒಳಚೀಲ 1 ಕೆಜಿ. ಎರಡು ಟಿ-ಶರ್ಟ್, ಒಂದು ಪ್ಯಾಂಟ್, ರಾತ್ರಿಗೆ ಶಾರ್ಟ್ಸ್, ಒಳಉಡುಪು, ಸಾಕ್ಸ್ ಸೇರಿ 1.25. ಥರ್ಮಲ್, ಫ್ಲೀಸ್, ಪಫರ್, ಟೋಪಿ, ಗ್ಲೌಸ್ 1.3. ರೇನ್ ಜಾಕೆಟ್, ರೇನ್ ಪ್ಯಾಂಟ್ 0.55. ಚಪ್ಪಲಿ, ಸೋಪು, ಔಷಧಿ, ತೆಳು ಬೈರಾಸು 1 ಕೆಜಿ. ಪವರ್ ಬ್ಯಾಂಕ್, ಚಾರ್ಜರ್ 0.6. ಕೋಡುಬಳೆ ಮತ್ತೆ ಖಾಲಿ ಬಾಟಲಿ ಅರ್ಧ ಕೆಜಿ. ಒಟ್ಟು 6.2. ಶೂ ಮತ್ತೆ ಇನ್ನೊಂದು ಪ್ಯಾಂಟ್ ಕಾಲಲ್ಲೇ. ಉಳಿದ 800 ಗ್ರಾಂ ಬೇಕಂತಲೇ ಬಿಟ್ಟಿದ್ದು, ಯಾಕಂದ್ರೆ ವಾಪಸ್ ಬರುವಾಗ ಬಟ್ಟೆ ಪೂರ್ತಿ ಒಣಗಿರಲ್ಲ.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು. ಅದು ಕ್ಯಾಬಿನ್ ಬ್ಯಾಗಲ್ಲೇ ಇರಬೇಕು, ವಿಶೇಷ ಅನುಮತಿ ಇಲ್ಲದೆ 100 ವ್ಯಾಟ್-ಅವರ್ ಮೀರಬಾರದು. 20,000 ಎಂಎಎಚ್‌ನದ್ದು 3.7 ವೋಲ್ಟ್‌ನಲ್ಲಿ 74 ಆಗುತ್ತೆ, ತೊಂದರೆ ಇಲ್ಲ. ಕೊನೇ ಗಳಿಗೇಲಿ ಬ್ಯಾಗನ್ನು ಕೆಳಗೆ ಕಳಿಸಿ ಅಂದರೆ ಮೊದಲು ಅದನ್ನು ಕೈಗೆ ತಗೊಳ್ಳಿ. ಹಾಗೇ ಶಾಂಪೂ ಬಾಟಲಿಯನ್ನು ಜಿಪ್ ಕವರಲ್ಲಿ ಇಡಿ. ಲೇಹ್‌ನಲ್ಲಿ ಗಾಳಿಯ ಒತ್ತಡ ಕಮ್ಮಿ, ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುತ್ತೆ, ಶಾಂಪೂ ಹೊರಗೆ ಬರುತ್ತೆ.

ವಾಪಸ್ ಬರುವಾಗ ದೆಹಲಿಯಲ್ಲಿ ಅಕ್ಕನ ಬ್ಯಾಗ್ 6.9 ತೂಗಿತು, ಲೇಹ್‌ನ ಒಣ ಏಪ್ರಿಕಾಟ್ ಸೇರಿ. ಮನೆಗೆ ಬಂದವಳೇ ಮೊದಲು ಹೇಳಿದ್ದು: "ಚಳಿ ಲೆಕ್ಕ ಎಲ್ಲಾ ಸರಿ ಕಣೋ, ಬಿಸಿಲಿನ ಲೆಕ್ಕ ಬಿಟ್ಟಿದ್ದೀಯ." ಮೂಗು, ಕೆನ್ನೆ ಸುಟ್ಟು ಸಿಪ್ಪೆ ಎದ್ದಿತ್ತು. ಅಷ್ಟು ಎತ್ತರದಲ್ಲಿ ಚಳಿ ಇದ್ದರೂ ನೇರಳಾತೀತ ಕಿರಣ ಜೋರು. ಪಟ್ಟಿಗೆ ಸನ್‌ಸ್ಕ್ರೀನ್ ಮತ್ತೆ ಕೂಲಿಂಗ್ ಗ್ಲಾಸ್ ಸೇರಿಸಿದೀನಿ, ಎರಡೂ ಸೇರಿ 110 ಗ್ರಾಂ. ಕೋಡುಬಳೆ ಅಷ್ಟು ಕಮ್ಮಿ ಮಾಡಬೇಕಾಯ್ತು.