ದುಪಟ್ಟಾದೊಳಗೆ ಉಳಿದ ನೇರಳೆ

ಪ್ರಶ್ನೆ: ಮಗಳ ಕಥಕ್ ಕಾರ್ಯಕ್ರಮದಲ್ಲಿ ತೆಗೆದ ಫೋಟೊ ಇದು. ಅವಳು ನೆಗೆದಿದ್ದಾಳೆ, ಕೆನೆಬಣ್ಣದ ಜಾರ್ಜೆಟ್ ದುಪಟ್ಟಾ ಹಿಂದಕ್ಕೆ ಹಾರಿದೆ. ಹಿನ್ನೆಲೆಯಲ್ಲಿ ನೇರಳೆ ಎಲ್‌ಇಡಿ ದೀಪಗಳು, ಹೊಗೆ. ಆಹ್ವಾನಪತ್ರಿಕೆಗೆ ಅವಳ ಚಿತ್ರ ಮಾತ್ರ ಬೇಕು. ಫೋಟೊಶಾಪ್‌ನಲ್ಲಿ Quick Selection ಬಳಸಿ ಕತ್ತರಿಸಿದರೆ ದುಪಟ್ಟಾ ರಟ್ಟಿನ ಹಾಗೆ ಕಾಣುತ್ತದೆ, ಸುತ್ತಲೂ ನೇರಳೆ ಗೆರೆ ಉಳಿಯುತ್ತದೆ. ಏನು ಮಾಡಬೇಕು?

ಉತ್ತರ: ಮೈ ಮತ್ತು ದುಪಟ್ಟಾವನ್ನು ಒಂದೇ ಸಲಕ್ಕೆ ಕತ್ತರಿಸಲು ಹೋಗಿದ್ದೀರಿ, ತೊಂದರೆ ಅಲ್ಲೇ ಇದೆ. ಮುಖ, ರವಿಕೆ, ಸೊಂಟಕ್ಕೆ ಖಚಿತವಾದ ಅಂಚಿದೆ. ಜಾರ್ಜೆಟ್‌ಗೆ ಅಂಥ ಅಂಚಿಲ್ಲ. ಅದರ ತೆಳು ಭಾಗದ ಪ್ರತಿ ಚುಕ್ಕಿಯಲ್ಲೂ ಸ್ವಲ್ಪ ಬಟ್ಟೆ, ಸ್ವಲ್ಪ ಹಿಂದಿನ ದೀಪ ಬೆರೆತಿವೆ. ಆದ್ದರಿಂದ ಅಲ್ಲಿ ಕೆಲಸ ಎರಡು: ಬಟ್ಟೆ ಎಷ್ಟು ಪಾರದರ್ಶಕ ಎಂದು ಗುರುತಿಸುವುದು, ಆಮೇಲೆ ಅದರೊಳಗೆ ಸೇರಿಕೊಂಡ ನೇರಳೆಯನ್ನು ತೆಗೆಯುವುದು. ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲಿಸುತ್ತಾರೆ.

ಫೋಟೊದ ಲೇಯರನ್ನು ಎರಡು ಪ್ರತಿ ಮಾಡಿ. ಮೇಲಿನದು ಮೈಗೆ, ಕೆಳಗಿನದು ದುಪಟ್ಟಾಗೆ. ಮೈಯನ್ನು Pen Tool ಹಿಡಿದು ಅಂಚಿನಿಂದ ಕೂದಲೆಳೆಯಷ್ಟು ಒಳಗೇ ಗೆರೆ ಎಳೆದು, ಆಯ್ಕೆಗೆ ಬದಲಿಸಿ, ಮಾಸ್ಕ್ ಹಾಕಿ. ಎದೆಯ ಮೇಲೆ ಹಾದುಹೋಗುವ ದುಪಟ್ಟಾದ ಭಾಗವೂ ಈ ಗೆರೆಯೊಳಗೇ ಬರಲಿ. ಅದರ ಹಿಂದಿರುವುದು ದೀಪವಲ್ಲ, ರವಿಕೆ, ಹಾಗಾಗಿ ಬಿಡಿಸುವ ಅಗತ್ಯವೇ ಇಲ್ಲ. ನೆಗೆತದ ವೇಗಕ್ಕೆ ಮಸುಕಾದ ಬೆರಳು, ಪಾದಗಳ ಬಳಿ ಮಾತ್ರ ಗೆರೆ ಬೇಡ. ಮಸುಕು ಎಷ್ಟು ಅಗಲವಿದೆಯೋ ಅಷ್ಟೇ ದೊಡ್ಡ ಮೃದು ಬ್ರಷ್ಷಿನಿಂದ ಮಾಸ್ಕ್ ಬಳಿಯಿರಿ. ಅಲುಗಿದ ಕೈಗೆ ಚೂಪಾದ ಅಂಚು ಕೊಟ್ಟರೆ ನೆಗೆತವೇ ಸತ್ತುಹೋಗುತ್ತದೆ.

ಈಗ ದುಪಟ್ಟಾ. Channels ಫಲಕದಲ್ಲಿ Red, Green, Blue ಒಂದೊಂದನ್ನೇ ಒತ್ತಿ ನೋಡಿ. ನೇರಳೆ ಬೆಳಕಿನಲ್ಲಿ ನೀಲಿ, ಕೆಂಪು ಧಾರಾಳ, ಹಸಿರು ಬಹಳ ಕಡಿಮೆ. ಹಾಗಾಗಿ Blue ಚಾನೆಲ್‌ನಲ್ಲಿ ದೀಪವೂ ಬಟ್ಟೆಯೂ ಬೆಳ್ಳಗಾಗಿ ಒಂದರೊಳಗೊಂದು ಕಲಸಿರುತ್ತವೆ. Green ಚಾನೆಲ್‌ನಲ್ಲಿ ಹಿನ್ನೆಲೆ ಕಪ್ಪಾಗಿ, ಕೆನೆಬಣ್ಣದ ಬಟ್ಟೆ ಎದ್ದು ಕಾಣುತ್ತದೆ. Green ಚಾನೆಲ್‌ನ ಪ್ರತಿ ಮಾಡಿ, Levels ತೆರೆದು, ಹೊಗೆ ಕಪ್ಪಿನಲ್ಲಿ ಕರಗುವವರೆಗೆ ಎಡಗಡೆಯ ಕಪ್ಪು ಗುಂಡಿಯನ್ನು ಬಲಕ್ಕೆ ಸರಿಸಿ. ಬಲಗಡೆಯ ಬಿಳಿ ಗುಂಡಿಯನ್ನು ಮಾತ್ರ ಅಷ್ಟಾಗಿ ಮುಟ್ಟಬೇಡಿ. ಬಟ್ಟೆಯಲ್ಲಿ ಕಾಣುವ ಬೂದುಬಣ್ಣವೇ ಅದರ ಪಾರದರ್ಶಕತೆ. ಅದನ್ನು ಬೆಳ್ಳಗೆ ಮಾಡಿದರೆ ಮತ್ತೆ ರಟ್ಟು. ಆ ಚಾನೆಲ್‌ನ ಚಿಕ್ಕ ಚಿತ್ರದ ಮೇಲೆ Ctrl ಒತ್ತಿ ಕ್ಲಿಕ್ ಮಾಡಿದರೆ ಆಯ್ಕೆ ಮೂಡುತ್ತದೆ. ದುಪಟ್ಟಾ ಲೇಯರಿಗೆ ಅದೇ ಮಾಸ್ಕ್. ಬಟ್ಟೆಯ ಆಚೆ ಏನಾದರೂ ಉಳಿದಿದ್ದರೆ ಮಾಸ್ಕ್‌ನಲ್ಲಿ ಕಪ್ಪು ಬಳಿದುಬಿಡಿ.

ಇಲ್ಲೊಂದು ಮೋಸವಿದೆ. ದಪ್ಪ ಮಡಿಕೆಯ ನೆರಳೂ ಚಾನೆಲ್‌ನಲ್ಲಿ ಬೂದಾಗಿಯೇ ಕಾಣುವುದರಿಂದ ಅಲ್ಲಿ ಬಟ್ಟೆ ತೂತು ಬಿದ್ದಂತಾಗುತ್ತದೆ. ಮೂಲ ಫೋಟೊ ನೋಡಿಕೊಂಡು, ಬಟ್ಟೆ ಎರಡು ಮೂರು ಪದರ ಬಿದ್ದಿರುವ ಕಡೆ ಮಾಸ್ಕ್‌ನಲ್ಲಿ ಬಿಳಿ ಬಳಿಯಬೇಕು. ಇದು ಕಣ್ಣಳತೆಯ ಕೆಲಸ, ಅಡ್ಡದಾರಿ ಇಲ್ಲ.

ಕೆಳಗೆ ಆಹ್ವಾನಪತ್ರಿಕೆಯ ಹಿನ್ನೆಲೆಯೆಂದು ಒಂದು ಕೆನೆಬಣ್ಣದ ಲೇಯರ್ ಇಟ್ಟು ನೋಡಿದರೆ ಬಟ್ಟೆಯ ತೆಳುಭಾಗ ಇನ್ನೂ ನೇರಳೆಯಾಗಿಯೇ ಇರುತ್ತದೆ. ದುಪಟ್ಟಾ ಲೇಯರಿನ ಮೇಲೆ ಹೊಸ ಖಾಲಿ ಲೇಯರ್ ತೆರೆದು Create Clipping Mask ಕೊಟ್ಟು, ಅದರ ಬ್ಲೆಂಡಿಂಗನ್ನು Color ಮಾಡಿ. ಎದೆಯ ಮೇಲೆ ಮುಂಬೆಳಕು ಬಿದ್ದ ದುಪಟ್ಟಾದಿಂದ ಬಣ್ಣ ಎತ್ತಿಕೊಂಡು ನೇರಳೆ ಇರುವಲ್ಲೆಲ್ಲ ಹಗುರವಾಗಿ ಬಳಿಯಿರಿ. Color ಬಣ್ಣವನ್ನಷ್ಟೇ ಬದಲಿಸುತ್ತದೆ, ಹೊಳಪನ್ನಲ್ಲ. ನೇರಳೆ ಹೋದ ಜಾಗ ಕೊಳಕು ಬೂದಾಗಿ ಉಳಿದರೆ ಅದೇ ರೀತಿ ಕ್ಲಿಪ್ ಮಾಡಿದ Curves ಒಂದನ್ನು ಸೇರಿಸಿ ಸ್ವಲ್ಪ ಮೇಲೆತ್ತಿ. ಕೂದಲು, ಭುಜದ ಮೇಲಿನ ನೇರಳೆ ಮಿಂಚನ್ನು ಪೂರ್ತಿ ಒರೆಸಬೇಡಿ, ಅರ್ಧ ಇಳಿಸಿದರೆ ಸಾಕು. ಹಿಂಬೆಳಕು ಸಂಪೂರ್ಣ ಅಳಿದ ತಲೆ ಅಂಟಿಸಿದಂತೆ ಕಾಣುತ್ತದೆ.

ಸರಿಬಂತೋ ಇಲ್ಲವೋ ತಿಳಿಯಲು ಕೆಳಗಿನ ಲೇಯರಿಗೆ ಒಮ್ಮೆ ಬಿಳಿ, ಒಮ್ಮೆ ಕಪ್ಪು ತುಂಬಿ 100% ಗಾತ್ರದಲ್ಲಿ ನೋಡಿ. ಉಳಿದ ನೇರಳೆ ಗೆರೆ ಬಿಳಿಯ ಮೇಲೆ ಸಿಕ್ಕಿಬೀಳುತ್ತದೆ, ಅಳಿಸದೆ ಬಿಟ್ಟ ಹೊಗೆ ಕಪ್ಪಿನ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ, ಪತ್ರಿಕೆಯ ಹಿನ್ನೆಲೆ ಕೆನೆಬಣ್ಣವೇ ಆಗಬೇಕೆಂದಿಲ್ಲದಿದ್ದರೆ ಕಡುನೀಲಿಯೋ ಕಡುನೇರಳೆಯೋ ಇಡಿ. ಬಟ್ಟೆಯೊಳಗಿನ ನೇರಳೆ ಅಲ್ಲಿ ದೋಷವಾಗಿ ಕಾಣುವುದೇ ಇಲ್ಲ, ಬಣ್ಣ ತೆಗೆಯುವ ಕೆಲಸ ಬಹುಪಾಲು ತಪ್ಪುತ್ತದೆ.

ದುಪಟ್ಟಾದ ತುದಿ ದೀಪದ ಬಿಳಿ ನಡುಭಾಗಕ್ಕೇ ಅಡ್ಡ ಬಂದಿದ್ದರೆ ಈ ಯಾವ ಉಪಾಯವೂ ನಡೆಯದು. ಮೂರೂ ಚಾನೆಲ್‌ನಲ್ಲಿ ಆ ಜಾಗ ಬರೀ ಬಿಳಿಯಾಗಿದ್ದರೆ ಬಟ್ಟೆಯ ಗುರುತೇ ಚಿತ್ರದಲ್ಲಿಲ್ಲ ಎಂದರ್ಥ. ಅಷ್ಟು ತುದಿಯನ್ನು ಬಿಟ್ಟುಕೊಟ್ಟು, ಅದಕ್ಕೂ ಹಿಂದಿನ ಮಡಿಕೆಯ ಗುಂಟ ಮೃದುವಾಗಿ ಮುಗಿಸಿ. ಇಲ್ಲವೇ ಅದೇ ನೆಗೆತದ ಹಿಂದಿನ ಅಥವಾ ಮುಂದಿನ ಫ್ರೇಮ್ ಛಾಯಾಗ್ರಾಹಕರ ಬಳಿ ಇದೆಯೇ ಕೇಳಿ. ಬಟ್ಟೆ ಒಂದು ಗೇಣು ಸರಿದಿದ್ದರೂ ದೀಪದಿಂದ ಆಚೆ ಬಂದಿರುತ್ತದೆ.