ಸಂಜೆಯ ಕ್ರಿಯೇಟಿನ್ ಮತ್ತು ಇರುಳಿನ ನಿದ್ರೆ

ತ್ರಿಪ್ಲಿಕೇನಿನ ಪಾರ್ಥಸಾರಥಿ ದೇವಾಲಯಕ್ಕೆ ಸಮೀಪದ ಒಂದು ಇಕ್ಕಟ್ಟಾದ ಬೀದಿಯಲ್ಲಿ ಬಹುಕಾಲದಿಂದ ವಾಸಿಸುತ್ತಿರುವ ನಾನು, ಐವತ್ತೆರಡನೆಯ ವಯಸ್ಸಿನಲ್ಲಿ ಭಾರ ಎತ್ತುವ ವ್ಯಾಯಾಮವನ್ನು ಆರಂಭಿಸಿದೆನು. ಮಾಂಸಾಹಾರದಿಂದ ದೊರೆಯುವ ಕ್ರಿಯೇಟಿನ್ ಎಂಬ ದ್ರವ್ಯವು ನನ್ನಂಥ ಸಸ್ಯಾಹಾರಿಯ ಸ್ನಾಯುಗಳಲ್ಲಿ ಕಡಮೆ ಇರುವುದೆಂದು ತಿಳಿದು, ಅದರ ಪುಡಿಯನ್ನು ದಿನಕ್ಕೆ 5 ಗ್ರಾಂನಂತೆ ರಾತ್ರಿ ಒಂಬತ್ತೂವರೆಗೆ ಸೇವಿಸತೊಡಗಿದೆನು. ಎರಡನೆಯ ವಾರಕ್ಕೇ ನಿದ್ರೆ ಕೆಟ್ಟಿತು. ರಾತ್ರಿಗೆ ಎರಡು ಬಾರಿ ಎಚ್ಚರವಾಗಿ, ಸಮುದ್ರದ ಕಡೆಯ ಗಾಳಿಯೂ ನಿಂತುಹೋದ ಹೊತ್ತಿನಲ್ಲಿ ಮರಳಿ ಕಣ್ಣು ಹತ್ತದೆ ಹೊರಳಾಡುವುದು ನಿತ್ಯದ ಪಾಡಾಯಿತು. ತಪ್ಪೆಲ್ಲ ಪುಡಿಯದೇ ಎಂದು ನಿಶ್ಚಯಿಸಿದೆನು.

ಆ ನಿಶ್ಚಯಕ್ಕೆ ಶಾಸ್ತ್ರದ ಆಧಾರವೂ ದೊರೆಯಿತೆಂದು ಭಾವಿಸಿದ್ದೆನು. ನಾವು ಎಚ್ಚತ್ತಿರುವಷ್ಟು ಕಾಲವೂ ಮಿದುಳು ಶಕ್ತಿಯನ್ನು ವ್ಯಯಿಸುತ್ತಿರಲು, ಅದರಿಂದ ಅಡೆನೊಸಿನ್ ಎಂಬ ವಸ್ತುವು ಸಂಚಯವಾಗಿ ನಿದ್ರೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕ್ರಿಯೇಟಿನ್ ಆದರೋ ವ್ಯಯವಾದ ಶಕ್ತಿಯನ್ನು ಕೂಡಲೇ ತುಂಬಿಕೊಡುವ ಭಂಡಾರ. 2017ರಲ್ಲಿ ಡ್ವೊರಾಕ್ ಮತ್ತು ಸಂಗಡಿಗರು ಇಲಿಗಳಿಗೆ ಕೆಲವು ವಾರ ಕ್ರಿಯೇಟಿನ್ ತಿನ್ನಿಸಿದಾಗ ಅವುಗಳ ನಿದ್ರೆ ನಿಜವಾಗಿಯೂ ಕಡಮೆಯಾಯಿತು. ಆದರೆ ನಿದ್ರೆ ಕಡಮೆಯಾಗುವುದು ಬೇರೆ, ನಿದ್ರೆ ಕೆಡುವುದು ಬೇರೆ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಎಚ್ಚರವಾಗಿಯೇ ಇರಿಸಿದ ಬಳಿಕವೂ ಆ ಇಲಿಗಳು ಬಾಕಿ ನಿದ್ರೆಯನ್ನು ಮೊದಲಿನಷ್ಟು ತೀರಿಸಿಕೊಳ್ಳಲಿಲ್ಲ. ಎಂದರೆ ಅವುಗಳಿಗೆ ನಿದ್ರೆಯ ಅಗತ್ಯವೇ ಕುಗ್ಗಿದಂತಿತ್ತು.

ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು, ಅವುಗಳ ದಿಕ್ಕೂ ಬೇರೆ. 2024ರಲ್ಲಿ ಪ್ರಕಟವಾದ ಒಂದರಲ್ಲಿ 21 ಮಂದಿ ಸ್ತ್ರೀಯರು ಆರು ವಾರ ವ್ಯಾಯಾಮ ಮಾಡಿದರು. ದಿನಕ್ಕೆ 5 ಗ್ರಾಂ ಸೇವಿಸಿದವರ ನಿದ್ರೆಯ ಅವಧಿ ವ್ಯಾಯಾಮದ ದಿನಗಳಲ್ಲಿ ಹೆಚ್ಚಿತು. ಅದೇ ವರ್ಷ ಜರ್ಮನಿಯಲ್ಲಿ 15 ಮಂದಿಯನ್ನು ಇರುಳೆಲ್ಲ ಎಚ್ಚರವಾಗಿರಿಸಿ, ದೇಹದ ತೂಕದ ಪ್ರತಿ ಕಿಲೋಗೆ 0.35 ಗ್ರಾಂನಂತೆ ಒಮ್ಮೆಲೇ ಕೊಟ್ಟಾಗ, ಅವರ ಬುದ್ಧಿಯ ಚುರುಕು ಅಷ್ಟಾಗಿ ಕುಗ್ಗಲಿಲ್ಲ. ಅರವತ್ತು ಕಿಲೋ ತೂಗುವ ನನಗೆ ಅದು 21 ಗ್ರಾಂ ಆಗುತ್ತದೆ. ನನ್ನ ಚಮಚೆಯ ನಾಲ್ಕರಷ್ಟು. ಮೇಲಾಗಿ, ಮೊದಲಿನದು ಕ್ರಿಯೇಟಿನ್ ಬೇಕೇ ಬೇಡವೇ ಎಂದು ಕೇಳಿತು, ಎರಡನೆಯದು ಎಚ್ಚರಿದ್ದವರನ್ನು ಪರೀಕ್ಷಿಸಿತು. ಬೆಳಗೋ ಸಂಜೆಯೋ ಎಂಬ ನನ್ನ ಪ್ರಶ್ನೆ ಅವೆರಡರದೂ ಅಲ್ಲ.

ಆ ಪ್ರಶ್ನೆಗೆ ನನ್ನ ಪತ್ನಿಯೇ ದಾರಿ ತೋರಿದಳು. “ಪುಡಿ ಮೇಲೆ ಯಾಕ್ರೀ ತಪ್ಪು ಹೊರಿಸ್ತೀರಿ? ಮಲಗೋ ಹೊತ್ತಿಗೆ ಎರಡು ಚೊಂಬು ನೀರು ಕುಡಿದರೆ ಯಾರಿಗೆ ನಿದ್ದೆ ಬರುತ್ತೆ?” ಎಂದಳು. ಪುಡಿಯೊಡನೆ ಧಾರಾಳವಾಗಿ ನೀರು ಕುಡಿಯಬೇಕೆಂದು ವ್ಯಾಯಾಮಶಾಲೆಯಲ್ಲಿ ಯಾರೋ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆನು. ನನ್ನನ್ನು ಎಬ್ಬಿಸುತ್ತಿದ್ದುದು ಮೂತ್ರಶಂಕೆಯೇ ಆಗಿತ್ತು.

ಅನಂತರ ನಾಲ್ಕು ವಾರಗಳ ಪರೀಕ್ಷೆ ನಡೆಯಿತು. ಬೆಳಗ್ಗೆಯೂ ರಾತ್ರಿಯೂ ಒಂದೊಂದು ಸಣ್ಣ ಲೋಟ ಗಟ್ಟಿ ಮಜ್ಜಿಗೆ. ಯಾವುದರಲ್ಲಿ ಪುಡಿಯಿದೆಯೆಂಬುದು ಆಕೆಗೆ ಮಾತ್ರ ಗೊತ್ತು. ತಣ್ಣೀರಿನಲ್ಲಿ ಪುಡಿ ಮರಳಿನಂತೆ ತಳದಲ್ಲಿ ಉಳಿದು ಗುಟ್ಟು ರಟ್ಟಾಗುವುದಾದ್ದರಿಂದ, ಅದನ್ನು ಬಿಸಿನೀರಿನಲ್ಲಿ ಕರಗಿಸಿ ಆರಿಸಿದ ಮೇಲೆ ಬೆರೆಸುತ್ತಿದ್ದಳು. ವಾರಕ್ಕೊಮ್ಮೆ ಹೊತ್ತು ಬದಲಾಗುತ್ತಿತ್ತು. ಸ್ನಾಯುಗಳಲ್ಲಿ ಒಮ್ಮೆ ತುಂಬಿದ ಕ್ರಿಯೇಟಿನ್ ಸೇವನೆ ನಿಲ್ಲಿಸಿದರೂ ನಾಲ್ಕಾರು ವಾರ ಉಳಿಯುವುದರಿಂದ, ಭಂಡಾರವು ಎಲ್ಲ ವಾರಗಳಲ್ಲಿಯೂ ಒಂದೇ ಮಟ್ಟದಲ್ಲಿತ್ತು. ಬದಲಾದುದು ಹೊತ್ತು ಮಾತ್ರ. ಮಲಗಿದ ವೇಳೆ, ಎದ್ದ ವೇಳೆ, ನಡುವೆ ಎಚ್ಚರವಾದ ಸಲಗಳನ್ನು ಪ್ರಾತಃಕಾಲವೇ ಪುಸ್ತಕದಲ್ಲಿ ಬರೆದಿಡುತ್ತಿದ್ದೆನು. ಕೊನೆಗೆ ಆಕೆಯ ಟಿಪ್ಪಣಿಯೊಡನೆ ಹೋಲಿಸಿದಾಗ, ಯಾವ ವಾರ ರಾತ್ರಿಯದೆಂದು ನನ್ನ ಬರಹದಿಂದ ಗುರುತಿಸಲಾಗಲಿಲ್ಲ. ನೀರು ಕಡಮೆಯಾದ ಮೊದಲ ವಾರದಿಂದಲೇ ನಡುರಾತ್ರಿಯ ಎಚ್ಚರ ಬಹುಮಟ್ಟಿಗೆ ನಿಂತಿತ್ತು.

ಆದರೂ ನಿದ್ರೆ ಬರುವುದು ತಡವಾಗುತ್ತಲೇ ಇದ್ದಿತು. ವ್ಯಾಯಾಮ ಮುಗಿಸಿ ಏಳು ಗಂಟೆಗೆ ಕುಡಿಯುತ್ತಿದ್ದ ಡಿಗ್ರಿ ಕಾಫಿಯನ್ನು ಬಿಟ್ಟ ಮೇಲೆ ಅದೂ ಸರಿಹೋಯಿತು. ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುವುದೆಂಬುದನ್ನು ಮೊದಲೇ ಲೆಕ್ಕ ಹಾಕಬೇಕಾಗಿತ್ತು.

ಒಬ್ಬನ ನಾಲ್ಕು ವಾರಗಳು ಇನ್ನೊಬ್ಬನಿಗೆ ಪ್ರಮಾಣವಲ್ಲ. ಆದುದರಿಂದ ಸಂಜೆಯ ಪುಡಿಯನ್ನು ಸಂಶಯಿಸುವ ಓದುಗರು ಅದನ್ನು ಬಿಡುವ ಮುನ್ನ ನೀರನ್ನೂ ಕಾಫಿಯನ್ನೂ ಒಂದೊಂದು ವಾರ ಬೇರೆಬೇರೆಯಾಗಿ ಬದಲಿಸಿ ನೋಡಲಿ. ನಾನು ಈಗಲೂ ರಾತ್ರಿಯ ಊಟದೊಂದಿಗೇ 5 ಗ್ರಾಂ ಸೇವಿಸುತ್ತೇನೆ.